ಹಣೆ ಬಿಗಿದಂತೆ ತಲೆನೋವು: ಬಿಗಿಹಿಡಿದು ಬಿಡುವ ವ್ಯಾಯಾಮ ಹೇಗೆ?

ಎಸ್ಟೇಟ್ ರೈಟರ್, ಸಿದ್ದಾಪುರ: ಕಾಫಿ ಕೊಯ್ಲು ಶುರುವಾದರೆ ಸಂಜೆ ತೂಕ ಬರೆದು ಚೆಕ್‌ರೋಲ್ ಮುಗಿಸುವಷ್ಟರಲ್ಲಿ ಹಣೆಯಿಂದ ಹಿಂದಲೆವರೆಗೆ ಬಟ್ಟೆ ಬಿಗಿದು ಕಟ್ಟಿದ ಹಾಗೆ ನೋವು. ವಾಂತಿ ಇಲ್ಲ, ಓಡಾಡಿದರೆ ಹೆಚ್ಚಾಗಲ್ಲ. ಬಿಪಿ, ಕಣ್ಣು ಎಲ್ಲ ನೋಡಿದ ಡಾಕ್ಟರು ಟೆನ್ಷನ್ ತಲೆನೋವು ಅಂದರು. ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ಕಲಿಯಿರಿ ಅಂದರು, ಆದರೆ ತೋರಿಸಲು ಅವರಿಗೆ ಪುರುಸೊತ್ತಿರಲಿಲ್ಲ. ಯಾರಾದರೂ ಹೇಳಿಕೊಡ್ತೀರಾ?

ಓದುಗರು, ಕುಶಾಲನಗರ: ನಾನು ಮಾಡಿದ್ದೇನೆ ಅಣ್ಣ. ಮುಷ್ಟಿ, ಭುಜ, ಹಣೆ ಒಂದೊಂದೇ ಬಿಗಿಹಿಡಿದು ಬಿಡೋದು, ಅಷ್ಟೇ. ಉಸಿರು ಕಟ್ಟಿ, ನಡುಗುವಷ್ಟು ಗಟ್ಟಿಯಾಗಿ ಹಿಡಿದರೆ ಬೇಗ ಗುಣ.

ಫಿಸಿಯೋಥೆರಪಿಸ್ಟ್, ವಿರಾಜಪೇಟೆ: ಕುಶಾಲನಗರದವರು ಹೇಳಿದ ಕ್ರಮ ಸರಿ, ಬಲ ಮಾತ್ರ ಬೇಡ. ಮುಕ್ಕಾಲು ಬಿಗಿ ಸಾಕು, ಮುಖಕ್ಕೆ ಅರ್ಧವೇ ಸಾಕು. ಕೈ ನಡುಗಿದರೆ ಅತಿಯಾಯಿತು ಎಂದೇ ಲೆಕ್ಕ. ಉಸಿರನ್ನಂತೂ ಕಟ್ಟಬೇಡಿ, ಬಿಪಿ ಇರುವವರಿಗೆ ಅದು ಒಳ್ಳೆಯದಲ್ಲ.

ಕಳೆದ ಶತಮಾನದ ಆರಂಭದಲ್ಲಿ ಇದನ್ನು ರೂಪಿಸಿದವರು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್. ಅವರ ಪೂರ್ತಿ ಪಾಠ ತಿಂಗಳುಗಟ್ಟಲೆ ಹಿಡಿಯುವಂಥದ್ದು. ತಲೆನೋವಿಗೆ ನಾನು ಕಲಿಸುವುದು ಮೈಯ ಮೇಲ್ಭಾಗದ ಆರು ಜಾಗ ಮಾತ್ರ.

ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತು, ಪಾದ ನೆಲಕ್ಕೆ ಊರಿ, ಒಂದು ನಿಮಿಷ ಸುಮ್ಮನೆ ಉಸಿರಾಡಿ. ಮೊದಲು ಎರಡೂ ಮುಷ್ಟಿ: ಐದರಿಂದ ಏಳು ಸೆಕೆಂಡ್ ಬಿಗಿಹಿಡಿಯಿರಿ, ಒಮ್ಮೆಗೇ ಸಡಿಲ ಬಿಡಿ, ಬಿಟ್ಟ ಮೇಲೆ ಅರ್ಧ ನಿಮಿಷ ಅಲ್ಲೇ ಗಮನ ಇಡಿ. ಮತ್ತೊಮ್ಮೆ ಅದನ್ನೇ ಮಾಡಿ. ಆಮೇಲೆ ಭುಜಗಳನ್ನು ಕಿವಿಯತ್ತ ಎತ್ತಿ ಬಿಡಿ. ಮೂರನೆಯದು ಹಣೆ, ಹುಬ್ಬು ಮೇಲೇರಿಸಿ ಬಿಡಿ. ನಂತರ ಕಣ್ಣು ಮೆಲ್ಲಗೆ ಮುಚ್ಚಿ ಬಿಗಿ ಮಾಡಿ. ಆಮೇಲೆ ಹಲ್ಲು ಹಗುರವಾಗಿ ಕಚ್ಚಿ ಬಿಡಿ. ಬಿಟ್ಟಾಗ ತುಟಿ ಮುಚ್ಚಿದ್ದರೂ ಹಲ್ಲಿಗೆ ಹಲ್ಲು ತಾಗಿರಬಾರದು. ಕೊನೆಗೆ ಕುತ್ತಿಗೆ: ಹಿಂದಲೆಯನ್ನು ಅಂಗೈಗೆ ಮೆಲ್ಲನೆ ಒತ್ತಿ, ತಲೆ ಅಲುಗಬಾರದು. ಎಲ್ಲವನ್ನೂ ಎರಡೆರಡು ಸಲ ಮಾಡಿದರೆ ಸುಮಾರು ಏಳೂವರೆ ನಿಮಿಷ. ಹತ್ತು ನಿಮಿಷಕ್ಕೆ ಉಳಿದ ಹೊತ್ತು ಕಣ್ಣು ಮುಚ್ಚಿ ಕೂತಿರಿ.

ಹೆಚ್ಚಿನವರು ಎಡವುವುದು ಬಿಡುವ ಅರ್ಧ ನಿಮಿಷದಲ್ಲಿ. ಬಿಗಿ ಮುಗಿಯುತ್ತಲೇ ಮುಂದಿನ ಜಾಗಕ್ಕೆ ಓಡುತ್ತಾರೆ. ಬಿಗಿಯಾಗಿದ್ದಾಗ ಹೇಗಿತ್ತು, ಬಿಟ್ಟ ಮೇಲೆ ಹೇಗಿದೆ ಎಂಬ ವ್ಯತ್ಯಾಸ ಕಲಿಯುವುದೇ ಇಲ್ಲಿನ ಕೆಲಸ. ಆ ಪರಿಚಯ ಬಂದರೆ ಕೆಲಸದ ನಡುವೆಯೂ ಹಲ್ಲು ಕಚ್ಚಿಕೊಂಡಿದ್ದೀನಿ ಅಂತ ತಾನಾಗಿ ಗೊತ್ತಾಗುತ್ತದೆ.

ಅಂದ ಹಾಗೆ, ತೂಕ ಬರೆಯುವಾಗ ಫೋನನ್ನು ಕಿವಿ ಭುಜಗಳ ನಡುವೆ ಸಿಕ್ಕಿಸಿಕೊಳ್ಳುತ್ತೀರಾ?

ಎಸ್ಟೇಟ್ ರೈಟರ್, ಸಿದ್ದಾಪುರ: ಹೌದು ಮೇಡಂ! ಒಂದು ಕಡೆ ಮಾಲೀಕರು, ಇನ್ನೊಂದು ಕಡೆ ಲಾರಿಯವರು. ಎಡಭುಜ ಮೇಲೇ ಇರುತ್ತದೆ.

ಫಿಸಿಯೋಥೆರಪಿಸ್ಟ್, ವಿರಾಜಪೇಟೆ: ಹಾಗಾದರೆ ಎಡಭುಜಕ್ಕೆ ಮೂರನೇ ಸಲವೂ ಮಾಡಿ, ಫೋನಿಗೆ ಇಯರ್‌ಫೋನ್ ಹಾಕಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಮ್ಮೆ, ರಾತ್ರಿ ಒಮ್ಮೆ ಅಭ್ಯಾಸ ಮಾಡಿ. ನೋವು ಏರಿದ ಮೇಲೆಯೇ ಕಲಿಯಲು ಹೋದರೆ ಹತ್ತುವುದಿಲ್ಲ. ನೋವಿಲ್ಲದ ಹೊತ್ತಿನಲ್ಲಿ ಕಲಿತಿದ್ದು ನೋವಿಗೆ ಬರುತ್ತದೆ. ಹತ್ತು ನಿಮಿಷದಲ್ಲಿ ಕ್ರಮ ಬಾಯಿಪಾಠವಾಗಬಹುದು, ಫಲ ನೋಡಲು ಕೆಲವು ವಾರ ಬೇಕು. ತಲೆನೋವು ಬಂದ ದಿನ, ಗಂಟೆ, ಮಾತ್ರೆ ನುಂಗಿದ್ದು ಚೆಕ್‌ರೋಲಿನ ಹಾಗೆ ಬರೆದಿಡಿ.

ಓದುಗರು, ಸೋಮವಾರಪೇಟೆ: ನನಗೆ ಬರೋದು ಒಂದೇ ಪಕ್ಕಕ್ಕೆ, ಬೆಳಕು ಆಗಲ್ಲ, ವಾಂತಿ ಬರುತ್ತೆ. ಬಂದ ಕೂಡಲೇ ಹಣೆ ಬಿಗಿಹಿಡಿದರೆ ಇನ್ನೂ ಜೋರಾಗುತ್ತೆ. ಹಾಗಾದರೆ ಇದು ಸುಳ್ಳಾ?

ಫಿಸಿಯೋಥೆರಪಿಸ್ಟ್, ವಿರಾಜಪೇಟೆ: ಸುಳ್ಳಲ್ಲ, ನಿಮ್ಮದು ಮೈಗ್ರೇನ್ ಇರಬಹುದು ಅಕ್ಕ. ನೋವು ಬಂದಾಗ ಮುಖ ಕುತ್ತಿಗೆ ಬಿಟ್ಟು ಕೈ ಮಾತ್ರ ಮಾಡಿ ನೋಡಿ, ಅದೂ ಆಗದಿದ್ದರೆ ಕತ್ತಲೆಯಲ್ಲಿ ಮಲಗಿ. ನೋವಿಲ್ಲದ ದಿನಗಳ ಅಭ್ಯಾಸ ಮೈಗ್ರೇನ್ ಕಡಿಮೆ ಮಾಡಲು ಕೆಲವರಿಗೆ ನೆರವಾಗುತ್ತದೆ, ನಿಮಗಾಗುತ್ತದೋ ಇಲ್ಲವೋ ಮಾಡಿಯೇ ನೋಡಬೇಕು. ಮೊದಲು ಡಾಕ್ಟರಿಗೆ ತೋರಿಸಿ.

ಓದುಗರು, ಗೋಣಿಕೊಪ್ಪ: ಎಣ್ಣೆ ಹಚ್ಚಿ ತಿಕ್ಕಿದರೆ ಇದೆಲ್ಲ ಬೇಕಾ? ನಾನು ದಿನಾ ಒಂದು ಮಾತ್ರೆ ಹಾಕ್ತೀನಿ, ಮುಗೀತು.

ಫಿಸಿಯೋಥೆರಪಿಸ್ಟ್, ವಿರಾಜಪೇಟೆ: ಎಣ್ಣೆಗೆ ತಕರಾರಿಲ್ಲ. ದಿನಾ ಮಾತ್ರೆಗೆ ಇದೆ. ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ಸಾದಾ ನೋವಿನ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ಹೋದರೆ ಆ ಮಾತ್ರೆಯೇ ತಲೆನೋವು ತರಬಹುದು. ಆಗ ಈ ವ್ಯಾಯಾಮ ಎಷ್ಟು ಮಾಡಿದರೂ ಹಿಡಿಯುವುದಿಲ್ಲ, ಡಾಕ್ಟರ ಬಳಿ ಹೋಗಲೇಬೇಕು. ಇನ್ನು ದಿಢೀರನೆ ಸಿಡಿದಂತೆ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆಯುವುದು, ಮಾತು ತೊದಲುವುದು, ಕೈಕಾಲು ಬಲ ತಪ್ಪುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು: ಇವಕ್ಕೆ ಕುರ್ಚಿಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೊರಡಿ. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ತಡಮಾಡದೆ ತೋರಿಸಿ.

ಎಸ್ಟೇಟ್ ರೈಟರ್, ಸಿದ್ದಾಪುರ: ಜೀಪ್ ಓಡಿಸುವಾಗ ಭುಜ ಎತ್ತಿ ಬಿಡಬಹುದಾ ಮೇಡಂ?

ಫಿಸಿಯೋಥೆರಪಿಸ್ಟ್, ವಿರಾಜಪೇಟೆ: ಬೇಡ. ಘಾಟಿ ತಿರುವಿನಲ್ಲಂತೂ ಬೇಡವೇ ಬೇಡ. ಗಾಡಿ ನಿಲ್ಲಿಸಿ ಮಾಡಿ.