ಬಾಡಿಗೆ ರಸೀದಿಗೆ ಮಾಲಕರಿಗೆ ಮೇಲ್ ಬರೆಯುವಾಗ

"ಅಕ್ಕಾ, ಎಚ್‌ಆರ್‌ಎ ಸಲುವಾಗಿ ಆಫೀಸಿನವರು ಮಾಲಕರ ಸಹಿ ಇರುವ ಬಾಡಿಗೆ ರಸೀದಿ ಕೇಳಿದ್ದಾರೆ. ಟಿಳಕವಾಡಿ ಮನೆಯ ಕಾಕಾ, ಕಾಕೂ ಈಗ ಪುಣೆಯಲ್ಲಿ ಮಗನ ಹತ್ತಿರ ಇದ್ದಾರೆ. ಕರಾರು ಕಾಕೂ ಹೆಸರಿನಲ್ಲಿದೆ, ಬಾಡಿಗೆ ಕಾಕಾ ಖಾತೆಗೆ ಹಾಕುತ್ತೇನೆ. ಮೇಲ್‌ನಲ್ಲಿ ಏನು ಬರೆಯಲಿ?"

ತಮ್ಮಾ, ಮೊದಲು ಒಂದು ನೋಡು. ಈ ವರ್ಷ ನೀನು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡಿದ್ದೀಯಾ? ಹೊಸದರಲ್ಲಿ ಎಚ್‌ಆರ್‌ಎ ವಿನಾಯಿತಿ ಇಲ್ಲವೇ ಇಲ್ಲ. ಹೊಸದರಲ್ಲಿದ್ದರೆ ಆ ಹಿರಿಯರಿಗೆ ಸುಮ್ನೆ ತೊಂದರೆ ಕೊಡಬೇಡ.

ಹಳೆಯದೇ ಇದ್ದರೆ ಮೇಲ್ ಕಾಕೂ ಹೆಸರಿಗೇ ಬರೆ. ಸಹಿ ಅವರದು, ಪ್ಯಾನ್ ನಂಬರೂ ಅವರದೇ ಬೇಕು. ನಾನು ಪಗಾರ ಬಿಲ್ಲು ನೋಡುವ ಕೆಲಸದಲ್ಲಿ ಇದ್ದವಳು. ಕರಾರಿನಲ್ಲಿ ಒಬ್ಬರ ಹೆಸರು, ರಸೀದಿಯಲ್ಲಿ ಇನ್ನೊಬ್ಬರ ಸಹಿ ಕಂಡರೆ ಕಾಗದ ತಿರುಗಿ ಬರುತ್ತದೆ. ದುಡ್ಡು ಕಾಕಾ ಖಾತೆಗೆ ಹೋಗಿದ್ದರಿಂದ ರಸೀದಿಯಲ್ಲೇ ಒಂದು ಸಾಲು ಸೇರಿಸಬೇಕು: "ನನ್ನ ಒಪ್ಪಿಗೆಯಂತೆ ಬಾಡಿಗೆಯನ್ನು ನನ್ನ ಪತಿಯವರ ಖಾತೆಗೆ ಜಮಾ ಮಾಡಿದ್ದಾರೆ." ನಾಳೆ ಯಾರಾದರೂ ಪಾಸ್‌ಬುಕ್ ಪಕ್ಕದಲ್ಲಿಟ್ಟು ನೋಡಿದರೂ ಲೆಕ್ಕ ಕೂಡುತ್ತದೆ.

ರಸೀದಿ ಅವರು ಬರೆಯಲಿ ಅಂತ ಬಿಡಬೇಡ. ನೀನೇ ತುಂಬಿ ಕಳಿಸು, ಅವರು ಓದಿ ಸಹಿ ಹಾಕಿದರೆ ಸಾಕು ಅನ್ನುವಂತಿರಲಿ. ನಿನ್ನ ಹೆಸರು, ಮನೆಯ ಪೂರ್ತಿ ವಿಳಾಸ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ತಿಂಗಳಿಗೆ ಎಷ್ಟು, ಒಟ್ಟು ಎಷ್ಟು, ಹೇಗೆ ಕೊಟ್ಟೆ, ಕಾಕೂ ಹೆಸರು, ಪ್ಯಾನ್, ಸಹಿ. ತಾರೀಕು ಮಾತ್ರ ಅವರು ಸಹಿ ಹಾಕಿದ ದಿನದ್ದೇ ಇರಲಿ. ಏಪ್ರಿಲ್ ರಸೀದಿಗೆ ಏಪ್ರಿಲ್ ತಾರೀಕೇ ಇರಬೇಕು ಅಂತ ಹಿಂದಿನ ತಾರೀಕು ಹಾಕಿಸಬೇಡ.

ಹನ್ನೊಂದು ತಿಂಗಳ ಕರಾರು ಮುಗಿದು ಸೆಪ್ಟೆಂಬರಿನಿಂದ ನಿನ್ನ ಬಾಡಿಗೆ 15,000 ಇದ್ದದ್ದು 16,000 ಆಯಿತು ಅಲ್ವಾ? ಹಾಗಾದರೆ ಎರಡು ರಸೀದಿ ಮಾಡು. ಏಪ್ರಿಲ್‌ನಿಂದ ಆಗಸ್ಟ್ ಐದು ತಿಂಗಳು, 75,000. ಸೆಪ್ಟೆಂಬರಿನಿಂದ ಮಾರ್ಚ್ ಏಳು ತಿಂಗಳು, 1,12,000. ಒಟ್ಟು 1,87,000. ಹಳೆಯ ಕರಾರು, ಹೊಸ ಕರಾರು ಎರಡೂ ಜೊತೆಗಿಡು. ನೀರಿನ ದುಡ್ಡು ಅಂತ ತಿಂಗಳಿಗೆ 500 ಸೇರಿಸಿ ಹಾಕುತ್ತೀಯಲ್ಲ, ಅದು ಬಾಡಿಗೆಯಲ್ಲ. ಅದನ್ನು ರಸೀದಿಯಲ್ಲಿ ಬೇರೆಯಾಗಿ ತೋರಿಸು, ಇಲ್ಲದಿದ್ದರೆ ಬ್ಯಾಂಕಿನ ಅಂಕಿಗೂ ರಸೀದಿಗೂ ತಾಳೆಯಾಗುವುದಿಲ್ಲ.

ಇದರಿಂದ ನಿನಗೆಷ್ಟು ವಿನಾಯಿತಿ ಸಿಗುತ್ತದೆ ಅಂದರೆ, ಕೊಟ್ಟ ಬಾಡಿಗೆಯಲ್ಲಿ ಮೂಲ ವೇತನ ಮತ್ತು ಡಿಎಯ ಶೇ. 10 ಕಳೆಯಬೇಕು. ನಿನ್ನದು ತಿಂಗಳಿಗೆ 60,000 ಅಂದರೆ ವರ್ಷಕ್ಕೆ 7,20,000, ಅದರ ಹತ್ತನೇ ಭಾಗ 72,000. ಉಳಿದದ್ದು 1,15,000. ಇದು, ನಿನಗೆ ಸಿಕ್ಕ ಎಚ್‌ಆರ್‌ಎ, ವೇತನದ ಶೇ. 40, ಈ ಮೂರರಲ್ಲಿ ಕಡಿಮೆಯದಕ್ಕೆ ತೆರಿಗೆ ಇಲ್ಲ. ಬೆಳಗಾವಿಗೆ ಶೇ. 40ರ ಲೆಕ್ಕವೇ. ನಿನಗೆ 1,15,000ವೇ ಕಡಿಮೆ.

ಕಷ್ಟದ ಮಾತು ಪ್ಯಾನ್‌ನದು. ವರ್ಷದ ಬಾಡಿಗೆ 1 ಲಕ್ಷ ಮೀರಿದರೆ ಆಫೀಸಿಗೆ ಮಾಲಕರ ಪ್ಯಾನ್ ಕೊಡಲೇಬೇಕು, ಅದು ತೆರಿಗೆ ಇಲಾಖೆಗೂ ಹೋಗುತ್ತದೆ. ಕಾಕೂ ಹೆದರಬಹುದು. ಇದನ್ನು ಮೇಲ್‌ನಲ್ಲಿ ಬರೆಯುವುದಕ್ಕಿಂತ ಮೊದಲು ಫೋನ್ ಮಾಡಿ ಹೇಳು. ಬಾಡಿಗೆ ಪೂರ್ತಿಗೆ ತೆರಿಗೆ ಬೀಳುವುದಿಲ್ಲ. ಅವರು ಕಟ್ಟಿದ ಪಾಲಿಕೆ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ಬಿಟ್ಟು ಲೆಕ್ಕ ಹಿಡಿಯುತ್ತಾರೆ. ಪಾಲಿಕೆ ತೆರಿಗೆ ಬಿಟ್ಟು ನೋಡಿದರೂ ನಿನ್ನ ಬಾಡಿಗೆಯಿಂದ ಅವರ ಆದಾಯಕ್ಕೆ ಸೇರುವುದು 1,30,900. ಬೇರೆ ದೊಡ್ಡ ಆದಾಯ ಇಲ್ಲದವರಿಗೆ ಇದರಿಂದ ತೆರಿಗೆ ಬರುವುದಿಲ್ಲ. ಅವರ ಹತ್ತಿರ ಪ್ಯಾನ್ ಇಲ್ಲವೇ ಇಲ್ಲ ಅಂದರೆ ಹಾಗಂತ ಹೆಸರು, ವಿಳಾಸದ ಜೊತೆ ಬರೆದು ಸಹಿ ಮಾಡಿಕೊಡಲಿ.

ಮೇಲ್ ಹೀಗೆ ಬರೆ:

"ಕಾಕೂ ಅವರಿಗೆ ನಮಸ್ಕಾರ. ಫೋನಿನಲ್ಲಿ ಹೇಳಿದಂತೆ, ಎಚ್‌ಆರ್‌ಎ ವಿನಾಯಿತಿಗೆ ಆಫೀಸಿಗೆ ಬಾಡಿಗೆ ರಸೀದಿ ಕೊಡಬೇಕಾಗಿದೆ. ಎರಡು ರಸೀದಿ ತುಂಬಿ ಇದರ ಜೊತೆ ಕಳಿಸಿದ್ದೇನೆ. ಪ್ರತಿ ತಿಂಗಳು ಜಮಾ ಮಾಡಿದ ಬ್ಯಾಂಕ್ ವಿವರವೂ ಇದೆ. ದಯವಿಟ್ಟು ತಾಳೆ ನೋಡಿ, ಪ್ಯಾನ್ ಬರೆದು, ಸಹಿ ಮಾಡಿ, ಸ್ಕ್ಯಾನ್ ಕಳಿಸಿ. ಮೂಲ ಪ್ರತಿಗೆ ಕೊರಿಯರ್ ಖರ್ಚು ನಾನು ಕೊಡುತ್ತೇನೆ. ಅಂಕಿಯಲ್ಲಿ ತಪ್ಪಿದ್ದರೆ ತಿಳಿಸಿ, ತಿದ್ದಿ ಕಳಿಸುತ್ತೇನೆ."

ಆಫೀಸು ಕೊಟ್ಟ ಕೊನೆಯ ತಾರೀಕಿಗಿಂತ ಒಂದು ವಾರ ಮುಂಚಿನ ದಿನವನ್ನು ಮೇಲ್‌ನಲ್ಲಿ ಹಾಕು. ಅಷ್ಟರಲ್ಲಿ ಬರದೆ ಪಗಾರದಲ್ಲಿ ತೆರಿಗೆ ಹಿಡಿದರೂ, ರಿಟರ್ನ್ ತುಂಬುವಾಗ ಈ ವಿನಾಯಿತಿ ಕೇಳಿ ಹೆಚ್ಚಿಗೆ ಹಿಡಿದದ್ದನ್ನು ವಾಪಸ್ ಪಡೆಯಬಹುದು. ಅದಕ್ಕೂ ಈ ರಸೀದಿ, ಕರಾರು, ಬ್ಯಾಂಕ್ ವಿವರ ಬೇಕು, ಒಂದೇ ಫೈಲಿನಲ್ಲಿಡು.