ಹಳೇ ಗೇಟಿನ ಎಲೆ ಮುರಿದಿದೆ, ಬೆಸುಗೆ ನಿಲ್ತಿಲ್ಲ: ಬೀಡೋ, ಬಡಿದ ಕಬ್ಬಿಣವೋ?

ಗೇಟಿನಮನೆ: ಮೈಸೂರಿನ ನಮ್ಮ ಹಳೇ ಮನೆ ಗೇಟಿನಲ್ಲಿ ಸರಳುಗಳ ನಡುವೆ ಎಲೆ ಆಕಾರದ ತುಂಡುಗಳಿವೆ. ಒಂದು ಮುರಿಯಿತು. ವೆಲ್ಡರ್ ಮಾಮೂಲಿ ರಾಡಿನಲ್ಲಿ ಬೆಸೆದರು. ಆರುವಾಗ ಟಿಕ್ ಅಂತ ಸದ್ದು, ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು. ಗುಜರಿಯವರು ನೂರೈವತ್ತು ವರ್ಷದ ಗೇಟು ಅಂತಾರೆ. ನಂಬಬಹುದಾ?

ರವಿ_ಶಾಪ್: ಎಲೆ ಬೀಡು. ಅದು ಬಗ್ಗಲ್ಲ, ಮುರಿಯುತ್ತೆ. ಮ್ಯಾಗ್ನೆಟ್ ಇಟ್ಟು ನೋಡಿ. ಬೀಡು ಅಂದ್ಮೇಲೆ ಬ್ರಿಟಿಷರ ಕಾಲದ್ದೇ.

ಕುಲುಮೆ: ಬೀಡು ಅನ್ನೋದು ಸರಿ, ರವಿಯವರೇ. ಆದರೆ ಮ್ಯಾಗ್ನೆಟ್ ಎರಡಕ್ಕೂ ಅಂಟುತ್ತೆ. ಬೀಡು ವಯಸ್ಸನ್ನೂ ಹೇಳಲ್ಲ. ಹಳೇ ಎಲೆಯನ್ನೇ ಮಾದರಿ ಇಟ್ಟು ಮರಳಲ್ಲಿ ಅಚ್ಚು ತೆಗೆದರೆ ಇವತ್ತೂ ಅದೇ ಎಲೆ ಎರಕವಾಗುತ್ತೆ. ಗೇಟಿನಮನೆಯವರೇ, ಸರಳು ನೋಡಿ. ತುಕ್ಕು ತಿಂದ ಜಾಗದಲ್ಲಿ ಉದ್ದುದ್ದ ಪದರ ಎದ್ದಿದೆಯಾ? ಹೇಗೂ ಬಿಸಾಡಬೇಕಾದ ತುಂಡಿದ್ದರೆ ಹ್ಯಾಕ್ಸಾದಲ್ಲಿ ಅರ್ಧ ಕೊಯ್ದು, ವೈಸಲ್ಲಿ ಹಿಡಿದು ಬಗ್ಗಿಸಿ.

ಪಾಕಶಾಲೆ: ನಮ್ಮಜ್ಜಿಯ ದೋಸೆ ಕಾವಲಿ ಬಿಸಿಯಿದ್ದಾಗ ತಣ್ಣೀರು ಬಿದ್ದು ಸೀಳಿತು. ಅದೂ ಬಡಿದ ಕಬ್ಬಿಣವಾ?

ಕುಲುಮೆ: ಹಾಗೆ ಸೀಳಿದರೆ ಬೀಡಿನ ಕಾವಲಿಯೇ ಇರಬೇಕು, ಅಕ್ಕಾ. ಬಡಿದದ್ದು ಸೊಟ್ಟಗಾಗುತ್ತೆ, ಸೀಳೋದು ಅಪರೂಪ. ಆದರೆ ಸುತ್ತಿಗೆ ಗುರುತಿದೆ ಅಂತ ಬಾಣಲೆಯನ್ನು ಹಳೇದು ಅನ್ನಬೇಡಿ. ಈಗಿನ ಸ್ಟೀಲ್ ತಗಡನ್ನೂ ಹಾಗೇ ಬಡಿಯುತ್ತಾರೆ.

ಗೇಟಿನಮನೆ: ಸರಳಿನ ಬುಡದ ತುಂಡು ಬಗ್ಗಿಸಿದೆ. ಪಟ್ಟಂತ ಮುರಿಯಲಿಲ್ಲ, ಸಿಗಿದ ಕಬ್ಬಿನ ಹಾಗೆ ನಾರು ನಾರಾಗಿ ಹರಿಯಿತು. ಎಲೆ ಮುರಿದ ಕಡೆ ಮಾತ್ರ ಬೂದು ಬಣ್ಣದ ಹರಳು ಹರಳು. ಸಂದಿಗಳಲ್ಲಿ ರಿವೆಟ್ ಇದೆ. ಒಂದು ತಿರುಗಣಿಯಲ್ಲಿ ಮಾತ್ರ ವೆಲ್ಡಿಂಗ್.

ಕುಲುಮೆ: ಹಾಗಾದ್ರೆ ಸರಳು ಅಸಲಿ ಬಡಿದ ಕಬ್ಬಿಣ. ಆ ನಾರು ಒಳಗೆ ಉಳಿದ ಕಿಟ್ಟದಿಂದ ಬರುತ್ತೆ. ಸ್ಟೀಲ್ ಸರಳಲ್ಲಿ ಅದು ಇರಲ್ಲ. 1856ರಲ್ಲಿ ಬೆಸೆಮರ್ ವಿಧಾನ ಬಂದ ಮೇಲೆ ಸ್ಟೀಲ್ ಅಗ್ಗವಾಗುತ್ತಾ ಹೋಯಿತು, ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬಡಿದ ಕಬ್ಬಿಣದ ಜಾಗ ಹಿಡಿಯಿತು. ಹಾಗಾಗಿ ಸರಳು ನೂರು ವರ್ಷ ದಾಟಿರಬಹುದು. ನೂರೈವತ್ತು ಅನ್ನೋಕೆ ಆಧಾರವಿಲ್ಲ. ಬೇರೆ ಗೇಟಿನ ಸರಳನ್ನು ತಂದು ಬಳಸಿರಲೂಬಹುದು. ತಿರುಗಣಿಯ ವೆಲ್ಡಿಂಗ್ ಆಮೇಲಿನ ರಿಪೇರಿ ಇರಬೇಕು.

ರವಿ_ಶಾಪ್: ಸರಿ, ಎಲೆಗೆ ಏನು ಮಾಡೋದು? ನಿಕ್ಕಲ್ ರಾಡ್ ಸಾಕಾ?

ಕುಲುಮೆ: ಸಾಕು, ಅವಸರ ಮಾಡದಿದ್ದರೆ. ಮೊದಲು ಹಳೇ ಬೆಸುಗೆಯನ್ನು ಪೂರ್ತಿ ಉಜ್ಜಿ ತೆಗೀಬೇಕು. ಒಂದೊಂದು ಸಲಕ್ಕೆ ಒಂದಿಂಚು ಮಾತ್ರ ಬೆಸೆದು, ಬಿಸಿ ಇರುವಾಗಲೇ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಕೈಯಿಟ್ಟು ಮುಟ್ಟುವಷ್ಟು ಆರಿದ ಮೇಲೆ ಮುಂದಿನ ಇಂಚು. ಕೊನೆಗೆ ಒಣ ಬೂದಿಯಲ್ಲಿ ಹೂತಿಡಿ. ನೀರಂತೂ ತಾಗಿಸಬೇಡಿ. ಎಲೆ ಭಾರ ಹೊರುವ ತುಂಡಲ್ಲ ಅಂತಾದ್ರೆ ನನ್ನ ಕೈಲಿದ್ದರೆ ಬೆಸೆಯೋಕೇ ಹೋಗಲ್ಲ, ಹಿಂದೆ ತೆಳು ಪಟ್ಟಿ ಇಟ್ಟು ಎರಡು ಬೋಲ್ಟ್ ಹಾಕ್ತೀನಿ.

ರವಿ_ಶಾಪ್: ಬೋಲ್ಟಿಗೆ ತೂತು ಕೊರೆದರೇ ಸೀಳುತ್ತಲ್ವಾ?

ಕುಲುಮೆ: ಅಂಚಿಗೆ ಹತ್ತಿರ ಕೊರೆದರೆ ಸೀಳಬಹುದು. ಎಲೆಯ ಹಿಂಭಾಗದ ಫೋಟೋ ಹಾಕಿ, ದಪ್ಪ ಎಷ್ಟಿದೆ ನೋಡೋಣ.