ಅಡ್ಡಗೆರೆ ಎಳೆಯೋ ಬೆಲೆ ಯಾವುದು?

ಪ್ರಶ್ನೆ (ದೀಪ ಮಾರುವವನು):
ಮೇಜಿನ ಮೇಲಿಡೋ ಓದುವ ದೀಪ ಆನ್‌ಲೈನ್‌ನಲ್ಲಿ ಮಾರ್ತೀನಿ. ಡಬ್ಬಿ ಮೇಲೆ ಎಂಆರ್‌ಪಿ 1,999 ಅಂತ ಅಚ್ಚಾಗಿದೆ. ಮಾಮೂಲಿಯಾಗಿ ಹೋಗೋದು 899ಕ್ಕೆ. ಮುಂದಿನ ವಾರ 749ಕ್ಕೆ ಕೊಡ್ತಿದ್ದೀನಿ. 1,999ಕ್ಕೆ ಗೆರೆ ಎಳೆದು "62% ರಿಯಾಯಿತಿ" ಅಂತ ಹಾಕೋಕೆ ಮನಸ್ಸು ಒಪ್ಪುತ್ತಿಲ್ಲ, ಆ ಬೆಲೆಗೆ ಒಂದೂ ಮಾರಿಲ್ಲ. ಹಾಗಾದರೆ ಹಳೇ ಬೆಲೆ ಅಂತ ಯಾವುದನ್ನ ತೋರಿಸಲಿ? ಲೆಕ್ಕ ಹಾಕೋದು ಹೇಗೆ?

ಉತ್ತರ (ಬೆಲೆಪಟ್ಟಿ ನೋಡಿಕೊಳ್ಳುವವಳು):
ಸರ್, ನಾನು ಹತ್ತಾರು ಮಾರಾಟಗಾರರ ಬೆಲೆಪಟ್ಟಿ ನೋಡಿಕೊಳ್ಳುವವಳು. ಉತ್ತರ ನಿಮ್ಮ ಆರ್ಡರ್ ಶೀಟ್‌ನಲ್ಲೇ ಇದೆ, ಡಬ್ಬಿ ಮೇಲೆ ಹುಡುಕಬೇಡಿ. ಕಳೆದ 90 ದಿನಗಳ ಆರ್ಡರ್‌ಗಳನ್ನು ತೆಗೆದು, ಒಂದೊಂದು ದೀಪಕ್ಕೆ ಗಿರಾಕಿ ಕೈಯಿಂದ ನಿಜವಾಗಿ ಎಷ್ಟು ಬಂತು ಅಂತ ಒಂದು ಕಾಲಂ ಮಾಡಿ. ಎಲ್ಲರೂ ಎಡವುವುದು ಇಲ್ಲೇ. ಶೀಟ್‌ನಲ್ಲಿ ವಸ್ತುವಿನ ಬೆಲೆಯ ಕಾಲಂ ಬೇರೆ, ಕೂಪನ್ ಕಡಿತದ ಕಾಲಂ ಬೇರೆ ಇರುತ್ತದೆ. ಮೊದಲನೆಯದನ್ನಷ್ಟೇ ನೋಡಿದರೆ ಕೂಪನ್ ಹಾಕಿ ಕೊಂಡವರೂ 899 ಕೊಟ್ಟಂತೆ ಕಾಣುತ್ತದೆ. ಕೂಪನ್ ಕಳೆದೇ ಬರೆಯಿರಿ. ವಾಪಸ್ ಬಂದ ಮಾಲನ್ನು ಲೆಕ್ಕದಿಂದ ಬಿಡಿ.

ಶೀಟ್ ಇದ್ದರೆ ಅಂಕಿ ಹಾಕಿ, ಕೂತು ನೋಡೋಣ.

ದೀಪ ಮಾರುವವನು:
ಈಗಷ್ಟೇ ತೆಗೆದೆ. ಒಟ್ಟು 140 ದೀಪ. 9 ಹೋಗಿದ್ದು 999ಕ್ಕೆ, 96 ಹೋಗಿದ್ದು 899ಕ್ಕೆ. 35 ದೀಪಕ್ಕೆ ನೂರರ ಕೂಪನ್ ಹಾಕಿದ್ದಾರೆ, ಅಂದರೆ 799. ಕೂಪನ್ ಬಿಟ್ಟಿದ್ದು ಎರಡು ತಿಂಗಳ ಹಿಂದೆ, ಹತ್ತು ದಿನ ಇತ್ತು.

ಲೆಕ್ಕದ ಮೇಷ್ಟ್ರು:
ಇದಕ್ಕೆ ಅಷ್ಟೊಂದು ತಲೆಕೆಡಿಸಿಕೊಳ್ಳಬೇಕಾ? ಸರಾಸರಿ ತೆಗೆದುಬಿಡಿ. ಒಟ್ಟು 1,23,260 ಭಾಗಿಸು 140, ಸುಮಾರು 880. ಅದೇ ಹಳೇ ಬೆಲೆ.

ಬೆಲೆಪಟ್ಟಿ ನೋಡಿಕೊಳ್ಳುವವಳು:
ಲೆಕ್ಕ ಸರಿ ಮೇಷ್ಟ್ರೇ, ದಾರಿಯೂ ಅರ್ಧ ಸರಿ. ಆದರೆ 880 ಕೊಟ್ಟು ದೀಪ ಕೊಂಡವರು ಒಬ್ಬರೂ ಇಲ್ಲ. ನಾಳೆ ಯಾರಾದರೂ "ಯಾವಾಗ ಇತ್ತು ಈ ಬೆಲೆ?" ಅಂತ ಕೇಳಿದರೆ ತೋರಿಸಲು ಒಂದು ಬಿಲ್ಲೂ ಸಿಗುವುದಿಲ್ಲ. ಅದಕ್ಕೇ ನಾನು ನಡುವಿನ ಬೆಲೆ ಹಿಡಿಯುತ್ತೇನೆ. 140 ಬಿಲ್ಲನ್ನು ಅಗ್ಗದಿಂದ ದುಬಾರಿಗೆ ಸಾಲಾಗಿ ಜೋಡಿಸಿ. ಮೊದಲ 35 ಬಿಲ್ 799ರವು, 36ರಿಂದ 131ರ ತನಕ 899ರವು. ನಟ್ಟನಡುವೆ ಬರುವ 70, 71ನೇ ಬಿಲ್‌ಗಳು ಎರಡೂ 899. ಅಲ್ಲಿಗೆ ಹಳೇ ಬೆಲೆ 899. ಒಂಬತ್ತು ಜನ 999 ಕೊಟ್ಟಿದ್ದಾರೆ ನಿಜ, ಆದರೆ 140ರಲ್ಲಿ ಒಂಬತ್ತನ್ನು ಹಿಡಿದುಕೊಂಡು "ನಮ್ಮ ಬೆಲೆ 999 ಇತ್ತು" ಅಂದರೆ ಅದೂ ಸಣ್ಣ ಸುಳ್ಳೇ.

899ರಿಂದ 749ಕ್ಕೆ ಇಳಿದರೆ 150 ಕಡಿಮೆ. ಶೇಕಡಾ 16.69 ಬರುತ್ತದೆ. 16 ಅಂತ ಬರೆಯಿರಿ, 17 ಬೇಡ. ಶೇಕಡಾವಾರನ್ನು ನಾನು ಯಾವಾಗಲೂ ಕೆಳಕ್ಕೇ ಇಳಿಸುತ್ತೇನೆ. ಆಮೇಲೆ ಅಡ್ಡಗೆರೆಯ ಪಕ್ಕದಲ್ಲಿ ಆ ಅಂಕಿ ಏನು ಅಂತ ಒಂದು ಸಾಲು ಇರಲಿ: "ಕಳೆದ 90 ದಿನ ಹೆಚ್ಚಿನವರು ಕೊಂಡ ಬೆಲೆ 899. ಈಗ 749." ಬರೀ ಗೆರೆ ಎಳೆದ ಅಂಕಿಯನ್ನು ನೋಡಿದವರು ತಮಗೆ ತೋಚಿದ ಅರ್ಥ ಮಾಡಿಕೊಳ್ಳುತ್ತಾರೆ.

ಹೊಸಬ:
ಎಂಆರ್‌ಪಿಗಿಂತ ಕಡಿಮೆಗೆ ಮಾರಿದರೆ ತೊಂದರೆ ಆಗುತ್ತಾ ಅನ್ನೋದು ಪ್ರಶ್ನೆ ಅಲ್ವಾ? ನನಗೆ ತಿಳಿದಂತೆ ಕಡಿಮೆಗೆ ಮಾರಬಹುದು, ಜಾಸ್ತಿಗೆ ಮಾರೋ ಹಾಗಿಲ್ಲ.

ಬೆಲೆಪಟ್ಟಿ ನೋಡಿಕೊಳ್ಳುವವಳು:
ಅವರು ಕೇಳಿದ್ದು ಅದಲ್ಲ, ಆದರೂ ನೀವು ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎಂಆರ್‌ಪಿ ಅಂದರೆ ಇದಕ್ಕಿಂತ ಮೇಲೆ ಹೋಗಬಾರದು ಅನ್ನುವ ಗಡಿ. ಆ ಬೆಲೆಗೆ ಮಾರಾಟ ಆಗಿತ್ತು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಗಡಿಯನ್ನು ಹಳೇ ಬೆಲೆಯ ಜಾಗದಲ್ಲಿ ಕೂರಿಸಿದಾಗಲೇ ಮೋಸ ಶುರುವಾಗುವುದು. 1,999 ಅಚ್ಚಾಗಿದೆ ಅನ್ನುವುದೂ ನಿಜ, 749ಕ್ಕೆ ಕೊಡ್ತೀರಿ ಅನ್ನುವುದೂ ನಿಜ. "1,250 ಉಳಿಯಿತು" ಅನ್ನುವುದು ಮಾತ್ರ ಸುಳ್ಳು, ಯಾಕೆಂದರೆ ಹಿಂದಿನ ವಾರ ಬಂದಿದ್ದರೂ ಅವರಿಗೆ ಅದು 899ಕ್ಕೇ ಸಿಗುತ್ತಿತ್ತು.

ಬಟ್ಟೆ ಅಂಗಡಿಯವರು:
ನಮ್ಮ ಕಡೆ ಒಂದು ಉಪಾಯ ಇದೆ. ಸೇಲ್‌ಗೆ ಮುಂಚೆ ಒಂದು ತಿಂಗಳು ಬೆಲೆ ಏರಿಸಿ ಇಟ್ಟುಬಿಡೋದು. ಆಮೇಲೆ ಇಳಿಸಿದರೆ ಅದು ನಿಜವಾದ ಹಳೇ ಬೆಲೆಯೇ ಅಲ್ವೇ? ಯಾರು ತಪ್ಪು ಹುಡುಕ್ತಾರೆ?

ಬೆಲೆಪಟ್ಟಿ ನೋಡಿಕೊಳ್ಳುವವಳು:
ಆ ತಿಂಗಳಲ್ಲಿ ಆ ಬೆಲೆಗೆ ಎಷ್ಟು ಹೋಯಿತು ಅಣ್ಣಾ? ನಾನು ನೋಡಿದ ಶೀಟ್‌ಗಳಲ್ಲಿ ಈ ಉಪಾಯ ತಕ್ಷಣ ಗೊತ್ತಾಗುತ್ತದೆ: ವಾರಕ್ಕೆ ಹತ್ತು ಹೋಗುತ್ತಿದ್ದ ಮಾಲು ಆ ತಿಂಗಳು ಪೂರ್ತಿ ಒಂದೋ ಎರಡೋ, ಸೇಲ್ ಶುರುವಾದ ದಿನ ಒಮ್ಮೆಲೇ ನೆಗೆತ. ಬೋರ್ಡ್ ಮೇಲೆ ಬೆಲೆ ಇತ್ತು, ಕೊಂಡವರು ಇರಲಿಲ್ಲ. ಬಿಲ್‌ಗಳ ನಡುವಿನ ಬೆಲೆ ಹಿಡಿಯುವುದಕ್ಕೆ ಇದೂ ಒಂದು ಕಾರಣ, ಏರಿಸಿಟ್ಟ ತಿಂಗಳಲ್ಲಿ ಬಿಲ್ಲೇ ಇಲ್ಲದಿದ್ದರೆ ನಡುವು ಅಲ್ಲಾಡುವುದಿಲ್ಲ.

ಯುರೋಪಿಯನ್ ಒಕ್ಕೂಟದಲ್ಲಿ ಇದನ್ನು ಬೇರೆ ಕಡೆಯಿಂದ ಕಟ್ಟಿಹಾಕಿದ್ದಾರೆ. ಅಲ್ಲಿ 2022ರಿಂದ ರಿಯಾಯಿತಿ ಹಾಕಿದರೆ ಹಿಂದಿನ 30 ದಿನಗಳಲ್ಲಿ ಇದ್ದ ಅತಿ ಕಡಿಮೆ ಬೆಲೆಯನ್ನು ಹೇಳಬೇಕು. ಜರ್ಮನಿಯ ಒಂದು ದೊಡ್ಡ ಅಂಗಡಿ ಸರಣಿ ಬಾಳೆಹಣ್ಣಿಗೆ 1.69 ಯೂರೋ ಇದ್ದದ್ದು 1.29, 23% ಇಳಿಕೆ ಅಂತ ಹಾಕಿತ್ತು. 30 ದಿನಗಳ ಅತಿ ಕಡಿಮೆ ಬೆಲೆಯನ್ನೂ ಸಣ್ಣಕ್ಷರದಲ್ಲಿ ಹೇಳಿತ್ತು, ಅದೂ 1.29! ಇಳಿಕೆಯೇ ಇರಲಿಲ್ಲ. ಶೇಕಡಾವಾರನ್ನೂ ಆ ಕಡಿಮೆ ಬೆಲೆಯ ಮೇಲೇ ಲೆಕ್ಕ ಹಾಕಬೇಕು ಅಂತ ಒಕ್ಕೂಟದ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು.

ದೀಪ ಮಾರುವವನು:
ಹಾಗಾದರೆ ನನ್ನ ಕೂಪನ್‌ನ 799 ಲೆಕ್ಕಕ್ಕೆ ಬರಬೇಕಾ?

ಬೆಲೆಪಟ್ಟಿ ನೋಡಿಕೊಳ್ಳುವವಳು:
ನಿಮ್ಮ ಕೂಪನ್ ಎರಡು ತಿಂಗಳ ಹಿಂದಿನದು, ಆ 30 ದಿನದ ಅಳತೆಯಲ್ಲೂ 899 ನಿಲ್ಲುತ್ತದೆ. ಅದೇ ಕೂಪನ್ ಹೋದ ವಾರ ಎಲ್ಲರಿಗೂ ಬಿಟ್ಟಿದ್ದರೆ ನಾನು 899 ಬರೆಯಲು ಬಿಡುತ್ತಿರಲಿಲ್ಲ. ಆಗ 799ರಿಂದ 749, ಬರೀ 6%. ನಾನು ಎರಡೂ ಅಳತೆ ಹಾಕಿ, ಯಾವುದು ಕಡಿಮೆಯೋ ಅದನ್ನೇ ಬರೆಸುತ್ತೇನೆ. ಇದು ನನ್ನ ರೂಢಿ, ಎಲ್ಲರೂ ಹೀಗೇ ಮಾಡುತ್ತಾರೆ ಅಂತ ಹೇಳುತ್ತಿಲ್ಲ.

ಗೂಗಲ್ ಶಾಪಿಂಗ್‌ಗೆ ಮಾಲು ಹಾಕುವವರಿಗೆ ಒಂದು ಮಾತು. ಅಲ್ಲಿ `price` ಜಾಗಕ್ಕೆ 899, `sale_price` ಜಾಗಕ್ಕೆ 749. ರಿಯಾಯಿತಿಯ ಗುರುತು ಬರಬೇಕಾದರೆ `price`ನಲ್ಲಿರುವ ಬೆಲೆಯೋ ಅದಕ್ಕಿಂತ ಹೆಚ್ಚಿನದೋ ಹಿಂದಿನ 200 ದಿನಗಳಲ್ಲಿ ಒಟ್ಟು 30 ದಿನವಾದರೂ ಜಾರಿಯಲ್ಲಿದ್ದಿರಬೇಕು ಅಂತ ನಿಯಮ. ಯಾವತ್ತೂ ಇಲ್ಲದ 1,999 ಅಲ್ಲೂ ನಿಲ್ಲುವುದಿಲ್ಲ.

ಪುಸ್ತಕದವರು:
ನನ್ನದೂ ಇದೇ ಗೋಳು ಮೇಡಂ. ಪುಸ್ತಕದ ಬೆನ್ನಿಗೆ 400 ಅಂತ ಅಚ್ಚಿದೆ, ವರ್ಷಪೂರ್ತಿ 300ಕ್ಕೆ ಕೊಡ್ತೀವಿ. ಅಂದರೆ ನಾವೂ ಕಳ್ಳರೇ?

ಬೆಲೆಪಟ್ಟಿ ನೋಡಿಕೊಳ್ಳುವವಳು:
400ಕ್ಕೆ ಯಾರಾದರೂ ಕೊಳ್ಳುತ್ತಾರಾ ಸರ್?

ಪುಸ್ತಕದವರು:
ಬಿಡುಗಡೆ ದಿನ, ಆಮೇಲೆ ನೇರವಾಗಿ ಅಂಗಡಿಗೆ ಬರುವವರು. ಹತ್ತರಲ್ಲಿ ಮೂರು ಇರಬಹುದು.

ಬೆಲೆಪಟ್ಟಿ ನೋಡಿಕೊಳ್ಳುವವಳು:
ಹಾಗಿದ್ದರೆ ನಿಮ್ಮ ಅಚ್ಚಿನ ಬೆಲೆಗೆ ಜೀವ ಇದೆ, ಅದನ್ನು "ಮುಖಬೆಲೆ 400" ಅಂತ ಹೆಸರಿಟ್ಟು ತೋರಿಸಿ, ತಪ್ಪಿಲ್ಲ. ಆದರೆ ವರ್ಷಪೂರ್ತಿ ಇರುವ 300ನ್ನು "ಇಂದು ಮಾತ್ರ" ಅಂದರೆ ಆಗ ನೀವೂ ದೀಪದ 62% ಸಾಲಿಗೆ ಬರುತ್ತೀರಿ.

ಹೊಸಬ:
ಇನ್ನೂ ಒಂದೂ ಮಾರದ ಮಾಲಿಗೆ? ನನ್ನದು ಮುಂದಿನ ತಿಂಗಳು ಬರುತ್ತೆ.

ಬೆಲೆಪಟ್ಟಿ ನೋಡಿಕೊಳ್ಳುವವಳು:
ಅದಕ್ಕೆ ಅಡ್ಡಗೆರೆಯೇ ಬೇಡ. "ಆರಂಭದ ಬೆಲೆ ಇಷ್ಟು, ಇಂಥ ತಾರೀಖಿನಿಂದ ಇಷ್ಟು" ಅಂತ ಬರೆದು, ಆ ತಾರೀಖಿಗೆ ಏರಿಸಿ. ಏರಿಸದೆ ಇದ್ದರೆ ಹಿಂದೆ ಬರೆದದ್ದೂ ಸುಳ್ಳಾಗುತ್ತದೆ.

ದೀಪ ಮಾರುವವನು:
ಲೆಕ್ಕ ಅರ್ಥ ಆಯ್ತು. ಕಷ್ಟ ಈಗ ಬೇರೆ ಕಡೆ. ನನ್ನ ಸ್ವಂತ ಪುಟದಲ್ಲಿ 899ಕ್ಕೆ ಗೆರೆ ಎಳೆಯಬಹುದು. ಮಾರಾಟ ತಾಣದಲ್ಲಿ ಎಂಆರ್‌ಪಿ ಕಾಲಂ ಖಾಲಿ ಬಿಡೋಕೆ ಆಗಲ್ಲ, 1,999 ಹಾಕಿದ ಕೂಡಲೇ ಅದೇ ಲೆಕ್ಕ ಹಾಕಿ 62% ಅಂತ ಹಸಿರಿನಲ್ಲಿ ಬರೆದುಬಿಡುತ್ತೆ. ಪಕ್ಕದವನ ದೀಪಕ್ಕೆ 60%. ನನ್ನದು 16% ಅಂತ ಕಂಡರೆ ಯಾರೂ ಒತ್ತಲ್ಲ.

ಬೆಲೆಪಟ್ಟಿ ನೋಡಿಕೊಳ್ಳುವವಳು:
ಒತ್ತುವವರು ಕಡಿಮೆ ಆಗಬಹುದು, ಇಲ್ಲ ಅನ್ನುವುದಿಲ್ಲ. "50% ಮೇಲ್ಪಟ್ಟು" ಅಂತ ಸೋಸಿ ನೋಡುವವರಿಗೆ ನಿಮ್ಮ ದೀಪ ಕಾಣಿಸುವುದೇ ಇಲ್ಲ. ತಾಣ ಬರೆಯುವ ಅಂಕಿ ನಿಮ್ಮ ಕೈಯಲ್ಲಿಲ್ಲ, ವಿವರಣೆಯ ಮೊದಲ ಸಾಲು ನಿಮ್ಮ ಕೈಯಲ್ಲಿದೆ. ಅಲ್ಲಿ "ನಾವು ಇದನ್ನು ಸಾಮಾನ್ಯವಾಗಿ ಮಾರುವುದು 899ಕ್ಕೆ, ಡಬ್ಬಿಯ ಮೇಲಿನ ಬೆಲೆಗೆ ಮಾರಿಲ್ಲ" ಅಂತ ಹಾಕಿ. ನಾನು ಒಬ್ಬರಿಗೆ ಹಾಗೆ ಮಾಡಿಸಿದ್ದೆ. ಮಾರಾಟ ಏರಿತು ಅಂತ ಹೇಳಲಾರೆ, ಆದರೆ "ಹಿಂದಿನ ಬಾರಿ ನಾನು ಕೊಂಡದ್ದೂ ಇದೇ ಬೆಲೆಗೆ, ಇದ್ಯಾವ ಸೇಲ್?" ಅನ್ನುವ ದೂರು ನಿಂತಿತು.

ಬೇರು ಮಾತ್ರ ಡಬ್ಬಿಯಲ್ಲೇ ಇದೆ. ದೀಪ ನಿಮ್ಮ ಹೆಸರಿನಲ್ಲೇ ತಯಾರಾಗುತ್ತದಾ?

ದೀಪ ಮಾರುವವನು:
ಹೌದು, ಅಚ್ಚು ಹಾಕಿಸೋದು ನಾನೇ.

ಬೆಲೆಪಟ್ಟಿ ನೋಡಿಕೊಳ್ಳುವವಳು:
ಹಾಗಾದರೆ 1,999 ಬರೆಸಿದ್ದೂ ನೀವೇ! ಮುಂದಿನ ಲಾಟ್‌ಗೆ 1,099 ಹಾಕಿಸಿ. 999ಕ್ಕೆ ಕೊಂಡವರೂ ಇದ್ದಾರೆ, ಸಾಗಣೆ ಏರಿದರೆ ನೂರು ಜಾಗ ಉಳಿದಿರಲಿ. ಆಗ ತಾಣ ತಾನಾಗಿ ಬರೆಯುವುದೂ 899ಕ್ಕೆ 18%, 749ಕ್ಕೆ 31%. ಪೂರ್ತಿ ಶುದ್ಧ ಅಲ್ಲ, 62ಕ್ಕಿಂತ ಎಷ್ಟೋ ವಾಸಿ. ಈಗಿರುವ ಡಬ್ಬಿಗಳ ಮೇಲೆ ಬೇರೆ ಚೀಟಿ ಅಂಟಿಸಲು ಹೋಗಬೇಡಿ.

ದೀಪ ಮಾರುವವನು:
1,099 ಅಂದ ಕೂಡಲೇ ನನ್ನಿಂದ ಮಾಲು ಎತ್ತೋ ಇಬ್ಬರು ಅಂಗಡಿಯವರಿಗೆ ಫೋನ್ ಮಾಡಿದೆ. ಒಬ್ಬರು ಸರಿ ಅಂದ್ರು. ಇನ್ನೊಬ್ಬರು, "1,999 ಇದ್ದರೆ ಗಿರಾಕಿ ಮುಂದೆ ಸಾವಿರ ಇಳಿಸಿ ಕೊಡ್ತೀನಿ, 1,099 ಇದ್ದರೆ ಏನಂತ ಇಳಿಸಲಿ? ಹಳೇ ಡಬ್ಬಿ ಇದ್ದರೆ ಕಳಿಸು, ಇಲ್ಲಾಂದ್ರೆ ಬೇಡ" ಅಂದರು. ತಿಂಗಳಿಗೆ ನಲವತ್ತು ಎತ್ತುವವರು ಅವರೇ.

ಬಟ್ಟೆ ಅಂಗಡಿಯವರು:
ಅವರು ಹೇಳಿದ್ದರಲ್ಲಿ ತಪ್ಪೇನಿದೆ ಸ್ವಾಮಿ, ಚೌಕಾಸಿಗೆ ಜಾಗ ಬೇಡವಾ?

ಬೆಲೆಪಟ್ಟಿ ನೋಡಿಕೊಳ್ಳುವವಳು:
ಅಚ್ಚಿನ ಬೆಲೆ ಉಬ್ಬುವುದೇ ಹೀಗೆ. ಆ ನಲವತ್ತಕ್ಕೆ ನನ್ನ ಹತ್ತಿರ ಸಲೀಸಾದ ಉತ್ತರ ಇಲ್ಲ ಸರ್. ಮೊದಲ ಲಾಟ್ ಇನ್ನೂರೇ ಅಚ್ಚು ಹಾಕಿಸಿ, ಒಪ್ಪಿದ ಅಂಗಡಿಗೂ ನಿಮ್ಮ ಪುಟಕ್ಕೂ ಕೊಟ್ಟು ಎರಡು ತಿಂಗಳು ನೋಡಿ. ಅಂಕಿ ಬಂದ ಮೇಲೆ ಇಲ್ಲೇ ಹಾಕಿ, ನನಗೂ ನೋಡಬೇಕಿದೆ.